ಹಾಡಿನೊಳಗಿನ ಹೆಣ್ಣು, ಹಾಡುವ ಹೆಣ್ಣು

ರಾತ್ರಿ ಎರಡರ ಸುಮಾರಿಗೆ ತುಂತುಣಿ ನಿಂತುಹೋಯಿತು. ಅಲ್ಲಿಯವರೆಗೆ ನಗುತ್ತ ಕೂತಿದ್ದ ಐದಾರು ನೂರು ಮಂದಿ ಒಮ್ಮೆಲೇ ಗಪ್ಪಾದರು.

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆ ಅದು. ಗುಡಿಯ ಮುಂದಿನ ಬಯಲಲ್ಲಿ ಜಮಖಾನೆ ಹಾಸಿ ಹರದೇಶಿ-ನಾಗೇಶಿ ಹಾಡಕಿ ಇಟ್ಟಿದ್ದರು. ಮುದ್ದೇಬಿಹಾಳದಲ್ಲಿ ಹುಟ್ಟಿ ಬೆಳೆದ ನಾನು ಸಣ್ಣವನಿದ್ದಾಗ ಇಂಥ ಹಾಡಕಿಗೆ ಹೋಗಿ ಅಜ್ಜನ ತೊಡೆಯ ಮೇಲೆ ನಿದ್ದೆ ಹೊಡೆದವನು. ಬೆಂಗಳೂರು ಸೇರಿ ಇಪ್ಪತ್ತು ವರ್ಷದ ಮೇಲೆ, ಮೊನ್ನೆ ಮೊದಲ ಸಲ ಬೆಳತನಕ ಎಚ್ಚರಿದ್ದು ಕೇಳಿದೆ. ಆ ಗುಂಗು ಇನ್ನೂ ಇಳಿದಿಲ್ಲ.

ಹರದೇಶಿಯವರದು ಶಿವ ದೊಡ್ಡವ, ಗಂಡು ಮೇಲು ಎನ್ನುವ ಪಕ್ಷ. ನಾಗೇಶಿಯವರದು ಶಕ್ತಿ ದೊಡ್ಡವಳು, ಹೆಣ್ಣು ಮೇಲು ಎನ್ನುವ ಪಕ್ಷ. ಇದೇ ಜಗಳವನ್ನು ಮರಾಠಿ ಸೀಮೆಯವರು ಕಲ್ಗಿ-ತುರಾ ಎಂದು ಹಾಡಿದರು. ನಮ್ಮ ಭಾಗದಲ್ಲಿ ಲಾವಣಿಗೆ ತವರೆನಿಸಿದ್ದು ಭೀಮಾತೀರದ ಹಲಸಂಗಿ, ಖಾಜಾಭಾಯಿಯಂಥ ಲಾವಣಿಕಾರ ಬಾಳಿದ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಈ ‘ಹಲಸಂಗಿ ಗೆಳೆಯರು’ 1931ರಲ್ಲಿ ‘ಗರತಿಯ ಹಾಡು’ ತಂದರು. ಆಮೇಲೆ ಲಾವಣಿಗಳನ್ನೂ ಕೂಡಿಹಾಕಿ ಅಚ್ಚು ಹಾಕಿಸಿದರು. ಇಷ್ಟು ಚರಿತ್ರೆ ಎಲ್ಲರಿಗೂ ಗೊತ್ತಿದ್ದದ್ದೇ. ನನ್ನ ತಲೆಯೊಳಗೆ ಕೂತಿರುವುದು ಆ ರಾತ್ರಿ.

ಹರದೇಶಿಯ ಮುತ್ಯಾ ದಪ್ಪು ಬಡಿಯುತ್ತ ಎಲ್ಲಮ್ಮನ ಕತೆ ತೆಗೆದ. ಮರಳಿನ ಕೊಡ ಒಡೆಯಿತಲ್ಲ, ಮನಸ್ಸು ಒಂದು ಗಳಿಗೆ ಅತ್ತಿತ್ತ ಆಗಿದ್ದಕ್ಕೇ ನೀರು ನಿಲ್ಲಲಿಲ್ಲವಲ್ಲ, ಇದೇನವ್ವಾ ನಿಮ್ಮ ಹೆಣ್ಣಿನ ದೊಡ್ಡಸ್ತಿಕೆ ಎಂದು ಸವಾಲು ಹಾಕಿದ. ಗಂಡಸರ ಸಾಲಿನಿಂದ ಶಿಳ್ಳೆ ಬಂತು. ನಾಗೇಶಿಯ ನಡುವಯಸ್ಸಿನ ಹೆಣ್ಣುಮಗಳು ಸೆರಗು ಬಿಗಿ ಮಾಡಿಕೊಂಡು ಎದ್ದಳು. ಕೊಡ ಒಡೆದದ್ದಕ್ಕೆ ಹೆಂಡತಿಯ ತಲೆ ತೆಗೆಸಿದ ನಿಮ್ಮ ಜಮದಗ್ನಿಗೆ ಸಿಟ್ಟು ತಡೆಯುವ ಕೊಡ ಯಾವ ಕುಂಬಾರನೂ ಮಾಡಿಕೊಡಲಿಲ್ಲೇನು ಎಂದು ಕೇಳಿದಳು. ಅಷ್ಟಕ್ಕೇ ಬಿಡದೆ, ಗಂಡು ಅಷ್ಟು ದೊಡ್ಡದಾಗಿದ್ದರೆ ಶಿವ ಒಬ್ಬಳನ್ನು ತಲೆಯ ಮೇಲೆ ಯಾಕೆ ಹೊತ್ತ, ಇನ್ನೊಬ್ಬಳಿಗೆ ಅರ್ಧ ಮೈ ಯಾಕೆ ಬಿಟ್ಟುಕೊಟ್ಟ ಎಂದಳು. ಈಗ ಹೆಣ್ಣುಮಕ್ಕಳ ಸಾಲು ಚಪ್ಪಾಳೆ ಹೊಡೆಯಿತು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ನೋಟು ವೇದಿಕೆ ಏರಿದವು.

ನನಗೆ ಅತಿ ಸೋಜಿಗ ಹುಟ್ಟಿಸಿದ್ದು ಹಾಡಿನ ನಡುವಿನ ‘ಗೀ ಗೀ’. ಒಂದು ನುಡಿ ಮುಗಿದೊಡನೆ ಹಿಂದಿನವರು ತುಂತುಣಿ, ತಾಳ ಹಿಡಿದು ಆ ಸೊಲ್ಲನ್ನು ಎಳೆಯುತ್ತಾರೆ. ಅದು ಬರೇ ಅಲಂಕಾರ ಎಂದುಕೊಂಡಿದ್ದೆ. ಎಣಿಸಿ ನೋಡಿದರೆ ಒಮ್ಮೆ ಎರಡು ಸುತ್ತು ಬರುತ್ತದೆ, ಒಮ್ಮೆ ಆರು ಸುತ್ತು. ಮುಂದಿನವರಿಗೆ ಜವಾಬು ಹೊಳೆಯದಿದ್ದಾಗ ಹಿಂದಿನವರು ಸುತ್ತು ಹೆಚ್ಚು ಮಾಡುತ್ತಾರೆ. ಮುಂದಿನ ಸಾಲು ಸಿಕ್ಕೊಡನೆ ದಪ್ಪಿನ ಮೇಲೆ ಒಂದು ಬಿರುಸಿನ ಪೆಟ್ಟು ಬೀಳುತ್ತದೆ, ತುಂತುಣಿ ಹಿಂದೆ ಸರಿಯುತ್ತದೆ. ಒಂದು ಸಲವಂತೂ ಹೆಣ್ಣುಮಗಳು ತಡವರಿಸಿದಾಗ ಎದುರಾಳಿ ಮೇಳದ ತಾಳದವನೇ ತನ್ನ ತಾಳ ಸೇರಿಸಿ ಆಕೆಗೆ ಎರಡು ಸುತ್ತು ಉಳಿಸಿಕೊಟ್ಟ. ವೈರಿಗೆ ಉತ್ತರ ಹುಡುಕಲು ಪುರಸೊತ್ತು ಕೊಡುವ ಬೈಗುಳವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಂಗಳೂರಿನ ಹಾಸ್ಯ ವೇದಿಕೆಗಳಲ್ಲಿ ಒಬ್ಬನ ಕೈಯಲ್ಲಷ್ಟೇ ಮೈಕು ಇರುತ್ತದೆ. ನನ್ನ ಪಕ್ಷಪಾತ ಇಲ್ಲಿ ಒಡೆದು ಕಾಣುತ್ತಿದ್ದರೆ ಕಾಣಲಿ.

ತುಂತುಣಿ ನಿಂತದ್ದು ಹೀಗೆ. ಹರದೇಶಿಯ ಕಡೆ ಒಬ್ಬ ಎಳೆಯ ಹುಡುಗನಿದ್ದ, ಒಳ್ಳೆಯ ಕಂಠ. ಮಂದಿಯ ಶಿಳ್ಳೆ ತಲೆಗೇರಿತೋ ಏನೋ, ಪುರಾಣ ಬಿಟ್ಟು ಆ ಹೆಣ್ಣುಮಗಳ ಕಡೆ ಕೈ ತೋರಿಸಿ, ನಿನ್ನ ಕೊರಳಿಗೆ ಮುತ್ತು ಕಟ್ಟಿದವರು ಯಾರು, ಮಕ್ಕಳ ಅಪ್ಪನ ಹೆಸರೇನು ಎನ್ನುವ ಅರ್ಥದ ಒಂದು ಮಾತು ಹಾಡಿದ. ದೇವರಿಗೆ ಬಿಡುವ ಪದ್ಧತಿಯನ್ನು ಸರ್ಕಾರ 1982ರ ಕಾಯ್ದೆಯಲ್ಲಿ ನಿಷೇಧಿಸಿದೆ. ಆದರೆ ಅದಕ್ಕೂ ಮೊದಲು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು, ಅವರ ಮಕ್ಕಳು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ಹಾಡಕಿ ಅವರಲ್ಲಿ ಕೆಲವರ ಅನ್ನ.

ಮುತ್ಯಾ ತನ್ನ ಮೇಳದ ತುಂತುಣಿಯನ್ನು ಅಂಗೈಯಿಂದ ಮುಚ್ಚಿಬಿಟ್ಟ. ಹುಡುಗನನ್ನು ಕೂಡ್ರಿಸಿ, ಮೈಕು ಹಿಡಿದು, “ಯವ್ವಾ, ನಮ್ಮ ಕಡಿಂದ ತಪ್ಪಾತು, ನೀ ಹಾಡು” ಎಂದ. ಆಕೆ ಅರೆಗಳಿಗೆ ಸುಮ್ಮನಿದ್ದು ಗಂಗೆಯ ಕತೆಯಿಂದಲೇ ಮತ್ತೆ ಎತ್ತಿಕೊಂಡಳು. ಬೆಳಗಿನ ಮಂಗಳಕ್ಕೆ ಎರಡೂ ಮೇಳದವರು ಕೂಡಿ ನಿಂತರು.

ಚಹಾದ ಅಂಗಡಿಯಲ್ಲಿ ನಾನು ಮುತ್ಯಾನ ಬೆನ್ನು ಬಿದ್ದೆ. ರಾತ್ರಿಯೆಲ್ಲ ಹೆಣ್ಣಿನ ಜಾತಿಯನ್ನೇ ಜಾಲಾಡಿದಿರಿ, ಹುಡುಗ ಅದಕ್ಕಿಂತ ಹೆಚ್ಚು ಏನಂದ ಎಂದು ಕೇಳಿದೆ. ಮುತ್ಯಾ ಬಶಿಯೊಳಗೆ ಚಹಾ ಸುರುವಿಕೊಳ್ಳುತ್ತ, “ಹಾಡಿನ್ಯಾಗಿನ ಹೆಣ್ಣಿಗಿ ಎಷ್ಟರ ಅನ್ರಿ, ಹಾಡೋ ಹೆಣ್ಣಿಗಿ ಒಂದ ಮಾತ ಅನಬಾರದ್ರಿ. ಹಾಡಿನ್ಯಾಗಿನ ಹೆಣ್ಣ ಎದ್ದ ಜವಾಬ ಕೊಡತಾಳ. ಹಾಡೋ ಹೆಣ್ಣ ಅಳತಾಳ” ಎಂದ.

ಗೆಳೆಯರ ನಡುವಿನ ಚ್ಯಾಷ್ಟಿಯ ಕಾಯ್ದೆಯೂ ಇದೇ. ಮುದ್ದೇಬಿಹಾಳದಲ್ಲಿ ನಮ್ಮ ಓಣಿಯ ಕಟ್ಟೆಯ ಮೇಲೆ ಒಬ್ಬ ಗೆಳೆಯನಿಗೆ ನಾವು ‘ಸಾಲ್ಯಾ’ ಎಂದು ಹೆಸರಿಟ್ಟಿದ್ದೆವು. ಒಂದು ಸಿಂಗಲ್ ಚಹಾಕ್ಕೂ ಉದ್ದರಿ ಕೇಳುವವನು. ಅವನೂ ನಮ್ಮ ಬೋಳುತಲೆ, ದಪ್ಪ ಹೊಟ್ಟೆಗಳಿಗೆ ಬಡ್ಡಿ ಸಮೇತ ತೀರಿಸುತ್ತಿದ್ದ. ಒಂದು ವರ್ಷ ತೊಗರಿ ಕೈಕೊಟ್ಟು ಅವನ ಅಪ್ಪ ಹೊಲ ಒತ್ತೆ ಇಟ್ಟರು. ನಮಗೆ ಗೊತ್ತಿರಲಿಲ್ಲ. ನಾವು ಎಂದಿನಂತೆ ‘ಸಾಲ್ಯಾ ಬಂದ’ ಎಂದೆವು. ಅವನು ತಿರುಗಿ ಏನೂ ಅನ್ನಲಿಲ್ಲ, ಮರುದಿನದಿಂದ ಕಟ್ಟೆಗೂ ಬರಲಿಲ್ಲ. ಅದೇ ಹೆಸರು, ಅದೇ ಬಾಯಿ. ಅವನ ಕೈಯಲ್ಲಿದ್ದ ಜವಾಬು ಮಾತ್ರ ಕಳೆದಿತ್ತು. ಚ್ಯಾಷ್ಟಿ ಎಲ್ಲಿ ಕೆಟ್ಟಿತು ಎಂದು ತಿಳಿಯಲು ಬೈದವನ ಮನಸ್ಸು ಬಗೆದು ನೋಡಬೇಕಿಲ್ಲ, ಬೈಸಿಕೊಂಡವನು ತಿರುಗಿ ಬೈಯುವುದನ್ನು ಯಾವಾಗ ಬಿಟ್ಟ ಎಂದು ನೋಡಿದರೆ ಸಾಕು.

ಹಾಗಾದರೆ ಶಾಸಕನನ್ನೋ ಮಂತ್ರಿಯನ್ನೋ ಆಡಿಕೊಳ್ಳುವಾಗ? ಆತ ನಮ್ಮ ಕಟ್ಟೆಗೆ ಬಂದು ಜವಾಬು ಕೊಡುವುದಿಲ್ಲ. ಆದರೆ ಆತನಿಗೆ ಬೇರೆ ಕಟ್ಟೆಗಳಿವೆ: ಸದನ, ಪತ್ರಿಕಾಗೋಷ್ಠಿ, ಊರ ತುಂಬ ಬ್ಯಾನರು. ಗೆಳೆಯನನ್ನು ಅಣಕಿಸುವ ಹಕ್ಕು ಸಲುಗೆಯಿಂದ ಬಂದರೆ, ಇವರನ್ನು ಅಣಕಿಸುವ ಹಕ್ಕು ಅವರ ಕುರ್ಚಿಯಿಂದ ಬರುತ್ತದೆ. ಆದ್ದರಿಂದ ಅದು ಕುರ್ಚಿಯಷ್ಟೇ ಅಗಲ. ಇಂಡಿಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಹಿರಿಯರು, ಹೋದ ವರ್ಷ ಹಾಕಿದ ರಸ್ತೆ ಈ ವರ್ಷದ ಮಳೆಯ ಜೊತೆ ಬೀಗರ ಊರಿಗೆ ಹೋಯಿತು ಎಂದು ನಗಿಸಿದರು. ಅದು ಕುರ್ಚಿಗೆ ತಾಗುವ ಮಾತು. ಅದರ ಬೆನ್ನಿಗೇ ಇನ್ನೊಬ್ಬ, ರಸ್ತೆ ಹಾಕಿಸಿದವರ ಉಗ್ಗು ಮಾತನ್ನು ಅಣಕಿಸಿದ. ಅದಕ್ಕೂ ನಗು ಬಂತು. ಎರಡು ಸೀಟು ಮುಂದೆ ಅವ್ವನ ಮಗ್ಗುಲಲ್ಲಿ ಕೂತ ಒಬ್ಬ ಹುಡುಗ ಟಿಕೆಟ್ಟಿನ ಹೊತ್ತಿಗೆ ಊರಿನ ಹೆಸರು ಹೇಳಲು ಮೂರು ಸಲ ತಡವರಿಸಿದ್ದ. ಮೇಲಕ್ಕೆ ಬೀಸಿದ ಆ ಕಲ್ಲು ದೊಡ್ಡವರನ್ನು ಮುಟ್ಟಲೇ ಇಲ್ಲ, ಅವರು ಬಸ್ಸಿನಲ್ಲೇ ಇರಲಿಲ್ಲ. ಬಿದ್ದದ್ದು ಈ ಹುಡುಗನ ಮೇಲೆ. ನಾಯಕರ ಜಾತಿ, ಬಣ್ಣ, ವೈಧವ್ಯ, ಕುಂಟು ಹಿಡಿದು ನಗುವ ಎಲ್ಲ ಹಾಸ್ಯದ ಹಣೆಬರಹವೂ ಇದೇ.

ಕಾನೂನಿನ ಪುಸ್ತಕ ತೆಗೆದರೆ ಮುತ್ಯಾನ ಮಾತೇ ಬೇರೆ ವೇಷದಲ್ಲಿ ಕಾಣುತ್ತದೆ. ಮಾನಹಾನಿಯ ಕಲಂ ಹಳೆಯ ದಂಡ ಸಂಹಿತೆಯಲ್ಲಿ 499 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356. ಸರ್ಕಾರಿ ಅಧಿಕಾರದಲ್ಲಿರುವವರ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಏನೇ ಅಭಿಪ್ರಾಯ ಹೇಳಿದರೂ ಮಾನಹಾನಿಯಾಗದು ಎಂಬ ವಿನಾಯಿತಿ ಅದರಲ್ಲಿದೆ. ಅವರ ಗುಣದ ಬಗ್ಗೆಯೂ ಹೇಳಬಹುದು, ಆದರೆ ಆ ಕೆಲಸದಲ್ಲಿ ಗುಣ ಕಂಡಷ್ಟು ಮಾತ್ರ, ಅದರಾಚೆಗಿಲ್ಲ. ಇನ್ನೊಂದು ತುದಿಯಲ್ಲಿ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಕಲಂ ಇದೆ. ಅಂಗವೈಕಲ್ಯ ಇರುವವರನ್ನು ಅವಮಾನಿಸಬೇಕೆಂದೇ ನಾಲ್ಕು ಜನರೆದುರು ಹಂಗಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಅಂಗವಿಕಲರನ್ನು ಗೇಲಿ ಮಾಡಿದ ಕೆಲವು ಹಾಸ್ಯಗಾರರಿಗೆ ಅವರವರ ಚಾನೆಲ್ಲಿನಲ್ಲೇ ಕ್ಷಮೆ ಕೇಳಲು ಹೇಳಿತು. ತಪ್ಪು ನಡೆದ ವೇದಿಕೆಯಲ್ಲೇ ಮೈಕು ಹಿಡಿದು ತಪ್ಪೊಪ್ಪಿಕೊಳ್ಳುವ ಆ ಪದ್ಧತಿಯನ್ನು ನಾನು ಅಂದು ರಾತ್ರಿ ಸಿಂದಗಿ ಸೀಮೆಯಲ್ಲಿ ಕಂಡೆ. ಅಲ್ಲಿ ಅದಕ್ಕೆ ಅರ್ಧ ನಿಮಿಷ ಹಿಡಿದಿತ್ತು.

ಹಾಡಕಿಯವರೇನು ಎಲ್ಲ ಬಲ್ಲವರು ಎಂದು ನಾನು ಹೇಳಲಾರೆ. ಸರ್ಕಾರದ ಯೋಜನೆಗಳ ಪ್ರಚಾರಕ್ಕೂ ಗೀಗೀ ಮೇಳಗಳು ಹೋಗುತ್ತವೆ. ಅಲ್ಲಿ ಕುರ್ಚಿಯ ಮೇಲೆ ಸವಾಲು ಹಾಕುತ್ತೀರಾ ಎಂದು ಕೇಳಿದಾಗ ಮುತ್ಯಾ, “ಪಗಾರ ಕೊಡೋರಿಗಿ ಹೆಂಗ ಅನ್ನೂದ್ರಿ?” ಎಂದು ನಕ್ಕ. ಕೂಲಿ ಕೊಡುವವರನ್ನು ಬಿಟ್ಟು ಕೂಲಿಯವರನ್ನೇ ಹಂಗಿಸುವ ಚಟ ಹಿಂಗೇ ಬೆಳೆಯುತ್ತದೆ. ಮೇಲೆ ಕೂತವರೇ ತಮ್ಮನ್ನು ಹಂಗಿಸಿಕೊಳ್ಳುವುದು ಅಪರೂಪ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಒಬ್ಬರು ವಚನಗಳಲ್ಲಿ ತಮ್ಮ ಮೇಲೆಯೇ ಅಷ್ಟು ಕಟುವಾದ ಮಾತು ಆಡಿಕೊಂಡರು. ಅವರು ಹುಟ್ಟಿದ ಬಾಗೇವಾಡಿ ಸಿಂದಗಿಯಿಂದ ದೂರವೇನಿಲ್ಲ.

ಇನ್ನೊಂದು ಮಾತು, ನನ್ನದೇ ತಪ್ಪಿನದು. ಅಂದು ರಾತ್ರಿ ನಾನೂ ಮೊಬೈಲು ಎತ್ತಿ ಹಿಡಿದಿದ್ದೆ. ಬೆಳಿಗ್ಗೆ ನೋಡಿದರೆ ಹುಡುಗನ ಸವಾಲಿನವರೆಗೆ ಬಂದು ಜಾಗ ತುಂಬಿ ನಿಂತುಹೋಗಿದೆ. ಕೈ ತೋರಿಸುವ ಹುಡುಗ, ಆಕೆಯ ಮುಖ, ಮಂದಿಯ ನಗು, ಹನ್ನೊಂದು ಸೆಕೆಂಡು. ಮುತ್ಯಾನ ಅಂಗೈ ಇಲ್ಲ, ತಪ್ಪಾತು ಎಂಬ ಮಾತಿಲ್ಲ, ಗಂಗೆ ಇಲ್ಲ. ಕಟ್ಟೆಯ ಗೆಳೆಯರು ಕಳಿಸು ಕಳಿಸು ಎಂದು ಎರಡು ದಿನ ಜೀವ ತಿಂದರು. ಮೂರನೆಯ ದಿನ ಅಳಿಸಿಹಾಕಿ, ‘ಸಾಲ್ಯಾ’ನ ನಂಬರು ಯಾರ ಹತ್ತಿರವಾದರೂ ಇದೆಯೇ ಎಂದು ಅವರನ್ನೇ ಕೇಳಿದೆ. ಅವನ ನಿಜವಾದ ಹೆಸರು ಹಿಡಿದು ಕೇಳಿದ್ದಕ್ಕೆ, ಯಾರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಅವರಿಗೆ ಸ್ವಲ್ಪ ಹೊತ್ತು ತಿಳಿಯಲೇ ಇಲ್ಲ.