ನಿಮಗಿದು ಗೊತ್ತೆ? ಪ್ರೀಮಿಯರ್‌ನ ಮೊದಲ ಗಂಟೆ ನಂಬಬೇಡಿ

ಯೂಟ್ಯೂಬ್ 2018ರಲ್ಲಿ ತಂದ ಪ್ರೀಮಿಯರ್ ಸೌಲಭ್ಯದಲ್ಲಿ ಸಿದ್ಧ ವಿಡಿಯೊ ನಿಗದಿತ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ಮೊದಲು ಕೌಂಟ್‌ಡೌನ್, ಪಕ್ಕದಲ್ಲಿ ಲೈವ್ ಚಾಟ್. ಹಿಂದಕ್ಕೆ ಹೋಗಿ ನೋಡಬಹುದು, ಮುಂದಕ್ಕೆ ಹಾರಿಸುವಂತಿಲ್ಲ.

ಬೈರಿದೇವರಕೊಪ್ಪದ ಹುಡುಗರು ಜಾನಪದ ಹಾಡಿನ ಚಾನೆಲ್ ನಡೆಸುತ್ತಾರೆ ಎಂದುಕೊಳ್ಳಿ. ಒಂದು ಹಾಡನ್ನು ಸುಮ್ಮನೆ ಅಪ್‌ಲೋಡ್ ಮಾಡಿದಾಗ ಮೊದಲ ಗಂಟೆಗೆ 150, ಎರಡು ದಿನಕ್ಕೆ 1,000 ವೀಕ್ಷಣೆ. ಮುಂದಿನ ಹಾಡಿಗೆ ಪ್ರೀಮಿಯರ್: ಮೊದಲ ಗಂಟೆಗೇ 400! ಆದರೆ ಎರಡು ದಿನಕ್ಕೆ 900. ರಿಮೈಂಡರ್ ಒತ್ತಿದ್ದ ಅಭಿಮಾನಿಗಳು ಒಂದೇ ಸಲ ನುಗ್ಗಿದ್ದರು, ಹೊಸಬರು ಅಷ್ಟಾಗಿ ಸೇರಲಿಲ್ಲ. ಚಾಟ್‌ನಲ್ಲಿ ಸಾಲು ಸಾಲು ಸಂದೇಶ ಬಿದ್ದರೂ ಬರೆಯುವವರು ಹತ್ತೇ ಮಂದಿ ಇರಬಹುದು. ಹಾಗಾಗಿ ಸಂದೇಶಗಳ ಬದಲು ಬೇರೆ ಬೇರೆ ಹೆಸರುಗಳನ್ನು ಎಣಿಸಬೇಕು. ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕವೂ ಪ್ರೀಮಿಯರ್‌ನಲ್ಲಿ ಉಬ್ಬಬಹುದು. ಬೇಸರವಾದವನಿಗೆ ಮುಂದೆ ಹಾರಲು ದಾರಿಯೇ ಇಲ್ಲವಲ್ಲ! ಎರಡು ಹಾಡುಗಳನ್ನು ತೂಗುವುದಾದರೆ ಒಂದು ವಾರ ಕಾಯುವುದೇ ಸರಿ.

ಮುಹೂರ್ತ ಇಟ್ಟು ಕಾಯಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಯಶ್ ಹುಟ್ಟುಹಬ್ಬಕ್ಕೆ, 2021ರ ಜನವರಿ 8ರ ಬೆಳಿಗ್ಗೆ 10.18ಕ್ಕೆ ‘ಕೆಜಿಎಫ್ ಚಾಪ್ಟರ್ 2’ ಟೀಸರ್ ಎಂದು ಹೊಂಬಾಳೆ ಫಿಲ್ಮ್ಸ್ ಸಾರಿತ್ತು. ಹಿಂದಿನ ದಿನವೇ ಅದು ಸೋರಿಕೆಯಾಯಿತು. ಚಿತ್ರತಂಡ ಮುಹೂರ್ತ ಬಿಟ್ಟು, ಅಂದು ರಾತ್ರಿಯೇ ಟೀಸರ್ ಬಿಡುಗಡೆ ಮಾಡಿತು.