ಸರ್ಟಿಫಿಕೇಟ್ ಯಾವಾಗ ದರ ಏರಿಸುತ್ತದೆ?

ಕ್ಲೌಡ್ ಕೆಲಸ ಮಾಡುವ ಫ್ರೀಲ್ಯಾನ್ಸರ್‌ಗಳಲ್ಲಿ ಹೆಸರಾದ ಪರೀಕ್ಷೆಯೆಂದರೆ ಅಮೆಜಾನ್‌ನ ‘ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್’. ಶುಲ್ಕ 150 ಡಾಲರ್. 130 ನಿಮಿಷಗಳಲ್ಲಿ 65 ಪ್ರಶ್ನೆಗಳಿಗೆ ಉತ್ತರಿಸಬೇಕು. ಪಾಸಾಗಲು 1000ಕ್ಕೆ 720 ಅಂಕ ಬೇಕು. ಪಾಸಾದರೆ ಮೂರು ವರ್ಷ ಮಾನ್ಯತೆ.

ಮುಖ ಕಾಣದ ಗ್ರಾಹಕರಿಗೆ, ಅದರಲ್ಲೂ ಹಳೆಯ ಕೆಲಸಗಳ ವಿಮರ್ಶೆ ಇನ್ನೂ ಕೂಡದ ಹೊಸಬರ ವಿಷಯದಲ್ಲಿ, ಇದು ಮೊದಲ ಭರವಸೆ. ಪ್ರಸ್ತಾವನೆಯಲ್ಲಿ ಸರ್ಟಿಫಿಕೇಟಿನ ಚಿತ್ರ ಅಂಟಿಸಿದರೆ ಸಾಲದು. ಕ್ರೆಡ್ಲಿ ತಾಣದಲ್ಲಿರುವ ಬ್ಯಾಡ್ಜಿನ ಕೊಂಡಿ ಕೊಡಬೇಕು. ಹೆಸರು, ಅವಧಿ ಎರಡನ್ನೂ ಗ್ರಾಹಕರೇ ಅಲ್ಲಿ ಪರಿಶೀಲಿಸಿಕೊಳ್ಳುತ್ತಾರೆ.

ಆದರೆ ಬ್ಯಾಡ್ಜ್ ತಂದುಕೊಡುವುದು ಮಾತುಕತೆಯ ಅವಕಾಶವನ್ನಷ್ಟೇ. ದರ ಏರಬೇಕಾದರೆ, ಪರೀಕ್ಷೆಗಾಗಿ ಕಲಿತದ್ದು ಗ್ರಾಹಕರ ಬಿಲ್ಲಿನಲ್ಲಿ ಕಾಣಬೇಕು. ಮೈಸೂರಿನಲ್ಲಿ ಕೂತು ಅಮೆರಿಕದ ಸಣ್ಣ ಕಂಪನಿಯೊಂದಕ್ಕೆ ಕೆಲಸ ಮಾಡುವವರೊಬ್ಬರನ್ನು ಊಹಿಸಿಕೊಳ್ಳಿ. ಕಂಪನಿಯ ಸರ್ವರ್‌ಗಳು ವರ್ಜೀನಿಯಾ ರೀಜನ್‌ನ ಖಾಸಗಿ ಸಬ್‌ನೆಟ್‌ನಲ್ಲಿವೆ. ಅವು ಎಸ್3 ಸಂಗ್ರಹದಿಂದ ತಿಂಗಳಿಗೆ 10,000 ಜಿಬಿ ದತ್ತಾಂಶವನ್ನು ನ್ಯಾಟ್ ಗೇಟ್‌ವೇ ಮೂಲಕ ತರಿಸಿಕೊಳ್ಳುತ್ತವೆ. ಆ ದಾರಿಗೆ ಜಿಬಿಗೆ 0.045 ಡಾಲರ್, ಅಂದರೆ ತಿಂಗಳಿಗೆ 450 ಡಾಲರ್ ಖರ್ಚು. ಇದೇ ಕೆಲಸಕ್ಕೆ ‘ಗೇಟ್‌ವೇ ಎಂಡ್‌ಪಾಯಿಂಟ್’ ಎಂಬ ಇನ್ನೊಂದು ದಾರಿಯಿದೆ, ಅದಕ್ಕೆ ಶುಲ್ಕವಿಲ್ಲ. ಪರೀಕ್ಷೆಗೆ ಓದುವಾಗ ಎದುರಾಗುವ ಪಾಠಗಳಲ್ಲಿ ಇದೂ ಒಂದು.

ತಪಾಸಣೆ, ಬದಲಾವಣೆ, ಪರೀಕ್ಷೆ ಎಲ್ಲ ಸೇರಿ 12 ಗಂಟೆಯ ಕೆಲಸ ಎನ್ನೋಣ. ಗಂಟೆಗೆ 20 ಡಾಲರ್ ಕೇಳಿದರೆ ಸಿಗುವುದು 240. ಅದರ ಬದಲು, ಎರಡು ತಿಂಗಳ ಉಳಿತಾಯಕ್ಕೆ ಸಮನಾದ 900 ಡಾಲರನ್ನು ಇಡೀ ಕೆಲಸಕ್ಕೆ ಕೇಳಬಹುದು. ಮೂರನೆಯ ತಿಂಗಳಿಂದ ಉಳಿತಾಯವೆಲ್ಲ ಗ್ರಾಹಕರದ್ದೇ ಆದ್ದರಿಂದ ಈ ಮೊತ್ತ ಅವರಿಗೆ ದುಬಾರಿ ಎನಿಸುವುದಿಲ್ಲ.

ಇಲ್ಲೊಂದು ಎಚ್ಚರ ಬೇಕು. ಬಿಲ್ಲಿನ `NatGateway-Bytes` ಸಾಲು ಆ ದಾರಿಯಲ್ಲಿ ಸಾಗಿದ ಎಲ್ಲ ದತ್ತಾಂಶವನ್ನೂ ಒಟ್ಟಿಗೆ ತೋರಿಸುತ್ತದೆ. ಅದರಲ್ಲಿ ಎಸ್3ರ ಪಾಲು ಎಷ್ಟೆಂದು ಫ್ಲೋ ಲಾಗ್ ನೋಡಿ ಖಚಿತಪಡಿಸಿಕೊಳ್ಳದೆ ಉಳಿತಾಯದ ಮಾತು ಕೊಡಬಾರದು. ಎಸ್3 ಬಕೆಟ್ ಬೇರೆ ರೀಜನ್‌ನಲ್ಲಿದ್ದರೆ ಈ ಉಪಾಯ ನಡೆಯುವುದೂ ಇಲ್ಲ.

ಸೋರಿದ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆದು ಪಾಸಾದವರು ಸಿಕ್ಕಿಬೀಳುವುದು ಇಂಥಲ್ಲೇ. “ನ್ಯಾಟ್ ಅನ್ನು ಪೂರ್ತಿ ತೆಗೆದುಬಿಡಬಹುದೇ?” ಎಂದು ಗ್ರಾಹಕರು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಸರ್ವರ್‌ಗಳು ಹೊರಗಿನ ಇಂಟರ್‌ನೆಟ್ಟಿಗೂ ಹೋಗಬೇಕಿದ್ದರೆ ನ್ಯಾಟ್ ಇರಲೇಬೇಕು, ಅದರ ಗಂಟೆವಾರು ಶುಲ್ಕವೂ ತಪ್ಪುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳುವವರನ್ನೇ ಗ್ರಾಹಕರು ನಂಬುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಒಂದೇ ಸಣ್ಣ ಸರ್ವರ್‌ನಲ್ಲಿ ಅಂಗಡಿಯ ಜಾಲತಾಣ ನಡೆಸುವವರಿಗೆ ಇದ್ಯಾವುದೂ ಬೇಕಾಗಿಲ್ಲ. ಅಂಥವರ ಮುಂದೆ ಬ್ಯಾಡ್ಜ್ ಹಿಡಿದು ಹೆಚ್ಚು ಕೇಳುವುದು ಸರಿಯಲ್ಲ. ಅವರಿಗೆ ಹಳೆಯ ದರವೇ ನ್ಯಾಯವಾದದ್ದು.