ಗಾಜಿನಮನೆಯ ನೆಲದ ಜಮಾ-ಖರ್ಚು

ಗಾಜಿನಮನೆಯ ಒಳಗೆ ಏಕೆ ಬಿಸಿ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಬಿಸಿಲು ಗಾಜಿನ ಮೂಲಕ ಒಳಗೆ ಬರುತ್ತದೆ, ನೆಲ ಕಾಯುತ್ತದೆ, ಕಾದ ನೆಲ ಹೊರಬಿಡುವ ಶಾಖಕಿರಣವನ್ನು ಗಾಜು ಹೊರಗೆ ಹೋಗಲು ಬಿಡುವುದಿಲ್ಲ. ಈ ಉತ್ತರ ತಪ್ಪಲ್ಲ, ಆದರೆ ಅರ್ಧ. ಉಳಿದ ಅರ್ಧ ತಿಳಿಯಬೇಕಾದರೆ ಒಳಗಿನ ನೆಲದ ಒಂದೇ ಒಂದು ಚದರ ಮೀಟರ್ ಜಾಗವನ್ನು ಆರಿಸಿಕೊಂಡು, ಅದಕ್ಕೆ ಎಷ್ಟು ಶಕ್ತಿ ಬರುತ್ತದೆ, ಅದರಿಂದ ಎಷ್ಟು ಹೋಗುತ್ತದೆ ಎಂದು ಜಮಾ-ಖರ್ಚು ಬರೆದು ನೋಡಬೇಕು. ಜಮೆ ಹೆಚ್ಚಿದ್ದಷ್ಟು ಹೊತ್ತು ನೆಲ ಕಾಯುತ್ತಲೇ ಹೋಗುತ್ತದೆ. ಎರಡೂ ಸಮವಾದಾಗ ಅದರ ತಾಪಮಾನ ಒಂದು ಕಡೆ ನಿಲ್ಲುತ್ತದೆ.

ಲೆಕ್ಕಕ್ಕೆ ಮೊದಲು ಎರಡು ಬಗೆಯ ಕಿರಣಗಳ ಪರಿಚಯ ಬೇಕು. ಬಿಸಿಲಿನ ಬಹುಪಾಲು ಶಕ್ತಿ 0.3ರಿಂದ 2.5 ಮೈಕ್ರಾನ್ ತರಂಗಾಂತರದ ಒಳಗಿದೆ. ಇದು ಕಿರುತರಂಗ. ಸಾಮಾನ್ಯ ಕಿಟಕಿ ಗಾಜು ಇದರ ಸುಮಾರು 85 ಪಾಲನ್ನು ಒಳಗೆ ಬಿಡುತ್ತದೆ. ನೆಲ, ಗೋಡೆ, ಎಲೆ, ನಮ್ಮ ಮೈ ಇವೆಲ್ಲವೂ ಹಗಲು ರಾತ್ರಿ ಎನ್ನದೆ ಕಣ್ಣಿಗೆ ಕಾಣದ ದೀರ್ಘತರಂಗವನ್ನು ಸೂಸುತ್ತಲೇ ಇರುತ್ತವೆ. ಇದು ಅತ್ಯಂತ ಬಲವಾಗಿರುವುದು 9, 10 ಮೈಕ್ರಾನಿನ ಆಸುಪಾಸಿನಲ್ಲಿ. ಸುಮಾರು 3 ಮೈಕ್ರಾನ್ ದಾಟಿದ ಮೇಲೆ ಗಾಜು ಗೋಡೆಯಷ್ಟೇ ಅಪಾರದರ್ಶಕವಾಗುತ್ತಾ ಹೋಗುವುದರಿಂದ ಈ ಕಿರಣಕ್ಕೆ ಅಲ್ಲಿ ದಾರಿಯಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ನಿನ ಜಾತಿಯ ಉಪಕರಣ ಈ ದೀರ್ಘತರಂಗವನ್ನೇ ಅಳೆಯುತ್ತದೆ. ವಸ್ತುಗಳ ಮೇಲ್ಮೈ ಅಳೆಯುವ ಅಂಥದೊಂದು ಗನ್ನನ್ನು ಬಿಸಿ ಪಾತ್ರೆಯತ್ತ ಹಿಡಿದು, ನಡುವೆ ಫೋಟೊ ಫ್ರೇಮಿನ ಗಾಜು ಅಡ್ಡ ಇಡಿ. ಪಾತ್ರೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಆದರೆ ಗನ್ ತೋರಿಸುವುದು ಗಾಜಿನ ತಾಪಮಾನ. ಗಾಜಿನ ಬದಲು ತೆಳುವಾದ ಪಾಲಿಥೀನ್ ಹಾಳೆ ಹಿಡಿದರೆ ಅಂಕಿ ಮತ್ತೆ ಪಾತ್ರೆಯ ಬಿಸಿಯ ಹತ್ತಿರಕ್ಕೆ ಏರುತ್ತದೆ. ಬಿಸಿಲಿಗೆ ಎರಡೂ ಪಾರದರ್ಶಕ. ದೀರ್ಘತರಂಗಕ್ಕೆ ಪಾಲಿಥೀನ್ ಮಾತ್ರ ಬಹುಮಟ್ಟಿಗೆ ಪಾರದರ್ಶಕ. ಈ ವ್ಯತ್ಯಾಸವೇ ಮುಂದಿನ ಲೆಕ್ಕದಲ್ಲಿ ನಮ್ಮ ಕೈಹಿಡಿಯುತ್ತದೆ.

ಮೊದಲು ಗಾಜೇ ಇಲ್ಲದ ಬಯಲು ನೆಲ. ಮೋಡವಿಲ್ಲದ ಮಧ್ಯಾಹ್ನ, ಗಾಳಿ 25 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ 800 ವ್ಯಾಟ್ ಬಿಸಿಲು ಬೀಳುತ್ತಿದೆ. ಒಣಗಿದ ಕಪ್ಪು ನೆಲ ಅದರಲ್ಲಿ 680 ವ್ಯಾಟ್ ಹೀರಿಕೊಳ್ಳುತ್ತದೆ. ಇದರ ಜೊತೆಗೆ ಆಕಾಶವೂ ಕೊಡುತ್ತದೆ: ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಕೆಳಗೆ ಸೂಸುವ ದೀರ್ಘತರಂಗ, ಸುಮಾರು 350 ವ್ಯಾಟ್. ಒಟ್ಟು ಜಮೆ 1030. ಖರ್ಚಿನ ಬಾಬ್ತು ಎರಡು. ಒಂದು, ನೆಲವೇ ಸೂಸುವ ಕಿರಣ. ಇದು ಕೆಲ್ವಿನ್ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವುದರಿಂದ 25 ಡಿಗ್ರಿಯಲ್ಲಿ ಸುಮಾರು 450 ವ್ಯಾಟ್ ಇದ್ದದ್ದು 50 ಡಿಗ್ರಿಯಲ್ಲಿ 620ರ ಹತ್ತಿರ ಹೋಗುತ್ತದೆ. ಇನ್ನೊಂದು, ನೆಲವನ್ನು ಸವರಿಕೊಂಡು ಹೋಗುವ ಗಾಳಿ ಹೊತ್ತೊಯ್ಯುವ ಬಿಸಿ. ಸಾಧಾರಣ ಗಾಳಿ ಬೀಸುತ್ತಿದ್ದರೆ ನೆಲ ಮತ್ತು ಗಾಳಿಯ ನಡುವಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 15 ವ್ಯಾಟಿನಂತೆ ಹೋಗುತ್ತದೆ ಎನ್ನಬಹುದು. ಮಣ್ಣಿನ ಆಳಕ್ಕೆ ಇಳಿಯುವ ಬಿಸಿಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ನೆಲ ಸುಮಾರು 52 ಡಿಗ್ರಿಗೆ ಬಂದಾಗ ಕಿರಣದಿಂದ 630, ಗಾಳಿಯಿಂದ 400 ವ್ಯಾಟ್ ಹೋಗಿ ಲೆಕ್ಕ ಸರಿಹೋಗುತ್ತದೆ.

ಈಗ ಅದೇ ನೆಲದ ಮೇಲೆ ದೀರ್ಘತರಂಗವನ್ನು ಪೂರ್ತಿಯಾಗಿ ಬಿಟ್ಟುಕೊಡುವ ತೆಳು ಹಾಳೆಯ ಮುಚ್ಚಿಗೆ ಹಾಕೋಣ. ಹಾಳೆಯೇ ಒಂದಿಷ್ಟು ಬಿಸಿಲನ್ನು ತಿನ್ನುವುದರಿಂದ ನೆಲಕ್ಕೆ ದಕ್ಕುವುದು 580 ವ್ಯಾಟ್. ಆಕಾಶದ 350 ಹಾಗೆಯೇ ಇಳಿದು ಬರುತ್ತದೆ. ಜಮೆ 930, ಬಯಲಿಗಿಂತ 100 ಕಡಿಮೆ. ಶಾಖಕಿರಣಕ್ಕೂ ತಡೆಯಿಲ್ಲ. ಹಾಗಿದ್ದರೆ ನೆಲ ತಂಪಾಗಬೇಕಲ್ಲ? ಆಗುವುದಿಲ್ಲ, ಏಕೆಂದರೆ ಗಾಳಿಯ ಬಾಬ್ತು ಕುಸಿದುಬಿಟ್ಟಿದೆ. ಒಳಗಿನ ಗಾಳಿ ಬಿಸಿಯಾಗಿ ಮೇಲೇರಿದರೂ ಹೊರಗೆ ಹೋಗಲಾರದೆ ಸೂರಿಗೆ ತಾಗಿ ಅಲ್ಲೇ ಸುತ್ತುತ್ತದೆ. ಪ್ರತಿ ಡಿಗ್ರಿಗೆ 15 ವ್ಯಾಟ್ ಇದ್ದದ್ದು ಎರಡೂವರೆಗೆ ಇಳಿಯುತ್ತದೆ. ನೆಲ 73 ಡಿಗ್ರಿಗೆ ಏರಿದ ಮೇಲಷ್ಟೇ ಕಿರಣದ 810 ಮತ್ತು ಗಾಳಿಯ 120 ಸೇರಿ ಖರ್ಚು ಜಮೆಗೆ ಸಮವಾಗುತ್ತದೆ. ಶಾಖಕಿರಣವನ್ನು ಒಂದಿಷ್ಟೂ ತಡೆಯದೆ, ಬರೀ ಗಾಳಿಯನ್ನು ತಡೆದದ್ದಕ್ಕೇ 21 ಡಿಗ್ರಿ ಏರಿತು.

ಮೂರನೆಯದು ಗಾಜು. ನೆಲ ಸೂಸಿದ ದೀರ್ಘತರಂಗವನ್ನು ಗಾಜು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಗಾಜು ಅದರ ಬಹುಪಾಲನ್ನು ಹೀರಿಕೊಂಡು ತಾನೇ ಬಿಸಿಯಾಗುತ್ತದೆ, ಬಿಸಿಯಾದ ಗಾಜು ಮೇಲಕ್ಕೂ ಕೆಳಕ್ಕೂ ತನ್ನದೇ ಕಿರಣ ಸೂಸುತ್ತದೆ. ನಮ್ಮ ಲೆಕ್ಕದಲ್ಲಿ ಹೊರಗಿನ ಗಾಳಿ ತಂಪು ಮಾಡುತ್ತಿದ್ದರೂ ಗಾಜು ಸುಮಾರು 49 ಡಿಗ್ರಿಯಲ್ಲಿ ನಿಲ್ಲುತ್ತದೆ ಮತ್ತು ನೆಲದ ಕಡೆಗೆ 610 ವ್ಯಾಟ್ ಕಳಿಸುತ್ತದೆ. ಬಿಸಿಲಿನಿಂದ ನೆಲಕ್ಕೆ ಬರುತ್ತಿರುವುದು 580 ಎಂಬುದನ್ನು ನೆನಪಿಡಿ. ಅಂದರೆ ಮಟಮಟ ಮಧ್ಯಾಹ್ನದಲ್ಲೂ ನೆಲಕ್ಕೆ ಸೂರ್ಯನಿಗಿಂತ ಗಾಜೇ ಹೆಚ್ಚು ಕೊಡುತ್ತಿದೆ. ಮೊದಲು ಆಕಾಶ ಕೊಡುತ್ತಿದ್ದ 350ರ ಜಾಗಕ್ಕೆ ಈ 610 ಬಂದು ಕೂತಿದ್ದರಿಂದ ಜಮೆ 1190 ಆಯಿತು. ಇದನ್ನು ಸರಿದೂಗಿಸಲು ನೆಲ 96 ಡಿಗ್ರಿಯವರೆಗೆ ಕಾಯಬೇಕು. ಇದು ಬಿಗಿಯಾಗಿ ಮುಚ್ಚಿದ, ಒಣಗಿದ, ತಳಕ್ಕೆ ಬಿಸಿ ಇಳಿಯದ ಪೆಟ್ಟಿಗೆಯ ಲೆಕ್ಕ. ಸೌರ ಒಲೆಯಲ್ಲಿ ಅನ್ನ ಬೇಯುವುದು ಈ ಬಲದಿಂದಲೇ.

52, 73, 96. ಒಟ್ಟು 44 ಡಿಗ್ರಿ ಏರಿಕೆಯಲ್ಲಿ ಹತ್ತಿರಹತ್ತಿರ ಅರ್ಧ ಗಾಳಿ ತಡೆದದ್ದರಿಂದ, ಅರ್ಧ ದೀರ್ಘತರಂಗ ತಡೆದದ್ದರಿಂದ.

ಈ ಪಾಲುಪಟ್ಟಿಯ ತಕರಾರು ಹಳೆಯದು. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜಿನ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳ ಹಾಕಿದರು. ಕಲ್ಲುಪ್ಪಿನ ಹರಳು ದೀರ್ಘತರಂಗಕ್ಕೆ ಪಾರದರ್ಶಕ. ಬಿಸಿಲಿಗಿಟ್ಟಾಗ ಉಪ್ಪಿನ ಪೆಟ್ಟಿಗೆಯೇ ಸ್ವಲ್ಪ ಮುಂದಿತ್ತು. ಗಾಜು ತಡೆಯುವ ಬಿಸಿಲಿನ ಉದ್ದ ತರಂಗಗಳನ್ನೂ ಉಪ್ಪು ಒಳಬಿಡುವುದು ಅದಕ್ಕೆ ಕಾರಣವೆಂದು ಕಂಡು, ಬಿಸಿಲನ್ನು ಮೊದಲು ಇನ್ನೊಂದು ಗಾಜಿನ ಮೂಲಕ ಹಾಯಿಸಿದರು. ಆಗ ಎರಡೂ 55 ಡಿಗ್ರಿಯ ಹತ್ತಿರ ನಿಂತವು, ವ್ಯತ್ಯಾಸ ಒಂದು ಡಿಗ್ರಿಯೂ ಇರಲಿಲ್ಲ. ಗಾಜಿನಮನೆಯ ಬಿಸಿಗೆ ಗಾಳಿ ಸಿಕ್ಕಿಬಿದ್ದದ್ದೇ ಕಾರಣ ಎಂಬುದು ಅವರ ತೀರ್ಮಾನ. ಆದರೆ ಮೇಲಿದ್ದ ಆ ಹೆಚ್ಚುವರಿ ಗಾಜು ಉಪ್ಪಿನ ಪೆಟ್ಟಿಗೆ ಕಾಣುವ ಆಕಾಶವನ್ನು ಎಷ್ಟು ಮರೆಮಾಡಿತ್ತೋ ಅಷ್ಟರಮಟ್ಟಿಗೆ ಅದೂ ಗಾಜಿನ ಪೆಟ್ಟಿಗೆಯೇ ಆಗಿಹೋಗುತ್ತದೆ. ತಾನು ಇದರಲ್ಲಿ ಬಹಳ ಆಳಕ್ಕೆ ಇಳಿದಿಲ್ಲ ಎಂದು ವುಡ್ ಅವರೇ ಆ ಚಿಕ್ಕ ಟಿಪ್ಪಣಿಯಲ್ಲಿ ಬರೆದಿದ್ದರು. ಗಾಳಿಯ ಪಾಲನ್ನು ಎತ್ತಿ ತೋರಿಸಿದ್ದು ಅವರ ದೊಡ್ಡ ಕೊಡುಗೆ. ಕಿರಣದ ಪಾಲು ಇಲ್ಲವೇ ಇಲ್ಲ ಎನ್ನಲು ಆ ಪ್ರಯೋಗ ಸಾಲದು.

ಬೆಳೆಯಿರುವ ನಿಜವಾದ ಗಾಜಿನಮನೆಯಲ್ಲಿ ನೆಲ 96 ಡಿಗ್ರಿ ಇರುವುದಿಲ್ಲ, ಏಕೆಂದರೆ ಅಲ್ಲಿ ಇನ್ನೊಂದು ದೊಡ್ಡ ಖರ್ಚಿದೆ: ನೀರು. ಒದ್ದೆ ನೆಲ ಮತ್ತು ಎಲೆಗಳಿಂದ ಒಂದು ಚದರ ಮೀಟರಿಗೆ ಗಂಟೆಗೆ ಅರ್ಧ ಲೀಟರ್ ನೀರು ಆವಿಯಾದರೆ 340 ವ್ಯಾಟ್ ಅದಕ್ಕೇ ಹೋಗುತ್ತದೆ. ಬಂದ 580ರಲ್ಲಿ ಅರ್ಧಕ್ಕಿಂತ ಹೆಚ್ಚು. ಆದರೆ ಆ ಆವಿ ಹೊರಗೆ ಹೋದರೆ ಮಾತ್ರ ಈ ಖರ್ಚು ಪೂರ್ತಿ ಖರ್ಚು. ಕಿಂಡಿಗಳು ಮುಚ್ಚಿದ್ದರೆ ಒಳಗಿನ ಗಾಳಿ ಆವಿಯಿಂದ ತುಂಬಿ ನೀರು ಆರುವುದು ನಿಧಾನವಾಗುತ್ತದೆ, ಹೊರಟ ಆವಿಯೂ ತಂಪಾದ ಗಾಜಿಗೆ ತಾಗಿ ಹನಿಗಟ್ಟಿ ಆ ಬಿಸಿಯನ್ನು ಗಾಜಿಗೇ ಕೊಡುತ್ತದೆ.

ಬೆಂಗಳೂರಿನ ಸುತ್ತಮುತ್ತ ಗುಲಾಬಿ, ಕ್ಯಾಪ್ಸಿಕಂ ಬೆಳೆಯುವ ಪಾಲಿಹೌಸ್‌ಗಳಲ್ಲಿ ಪಕ್ಕದ ಪರದೆ ಸುತ್ತಿ ಮೇಲೆತ್ತುವುದು, ನೆತ್ತಿಯಲ್ಲಿ ಕಿಂಡಿ ಬಿಡುವುದು ಇದಕ್ಕೇ. ನಮ್ಮ ಹವೆಯಲ್ಲಿ ಮಧ್ಯಾಹ್ನದ ಬಿಸಿಯನ್ನು ಹೊರಹಾಕುವುದೇ ದೊಡ್ಡ ಕೆಲಸ, ಅಲ್ಲಿ ಗಾಳಿಯ ಬಾಬ್ತನ್ನು ಮತ್ತೆ ತೆರೆಯುವುದೇ ಮೊದಲ ಉಪಾಯ. ಪರದೆ ತೆರೆದಿದ್ದರೂ ಒಳಗೆ ಹಬೆಯಾಡಿದಂತಿದ್ದರೆ ಕೀಟ ತಡೆಯುವ ಬಲೆಯನ್ನು ನೋಡಬೇಕು. ಅದರ ಸಣ್ಣ ಕಣ್ಣುಗಳಲ್ಲಿ ಧೂಳು ಕೂತರೆ ತೆರೆದ ಪಕ್ಕವೂ ಅರ್ಧ ಮುಚ್ಚಿದಂತೆ.

ರಾತ್ರಿಯಾದಾಗ ಲೆಕ್ಕ ತಿರುವುಮುರುವಾಗುತ್ತದೆ. ಚಳಿಗಾಲದ ತಿಳಿ ಆಕಾಶದ ರಾತ್ರಿ, ಹೊರಗಿನ ಗಾಳಿ 12 ಡಿಗ್ರಿ, ನೆಲ 15 ಡಿಗ್ರಿ ಎನ್ನೋಣ. ನೆಲ 390 ವ್ಯಾಟ್ ಸೂಸುತ್ತದೆ, ಆಕಾಶ ಮರಳಿಸುವುದು ಸುಮಾರು 280. ದೀರ್ಘತರಂಗ ಬಿಡುವ ಹಾಳೆಯ ಕೆಳಗೆ ನೆಲಕ್ಕೆ 110 ವ್ಯಾಟ್ ನಷ್ಟ. ಗಾಜಿನ ಕೆಳಗಾದರೆ ಗಾಜೇ 360 ಮರಳಿಸುವುದರಿಂದ ಕಿರಣದ ನಷ್ಟ 30ಕ್ಕೆ ಇಳಿಯುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ ದೀರ್ಘತರಂಗ ತಡೆಯುವ ಗುಣವೇ ಗಾಜಿನ ಮುಖ್ಯ ಕೆಲಸ.

ಇಲ್ಲಿಯೇ ಪಾಲಿಥೀನ್ ಮನೆಯವರಿಗೆ ಬೆಳಗಿನ ಜಾವ ಎದುರಾಗುವ ವಿಚಿತ್ರ ಅರ್ಥವಾಗುವುದು. ಕೆಲವು ತಿಳಿ ರಾತ್ರಿಗಳಲ್ಲಿ ಒಳಗೆ ಹೊರಗಿಗಿಂತ ತಣ್ಣಗಿರುತ್ತದೆ. ಬಯಲಿನ ನೆಲವೂ ಆಕಾಶಕ್ಕೆ ಬಿಸಿ ಕಳೆದುಕೊಳ್ಳುತ್ತದೆ, ಆದರೆ ಅದು ಗಾಳಿಗಿಂತ ತಣ್ಣಗಾದ ಕೂಡಲೇ ಬೀಸುವ ಗಾಳಿ ಬಿಸಿ ತಂದು ಕೊಡುತ್ತದೆ. ಮುಚ್ಚಿದ ಪಾಲಿಥೀನ್ ಮನೆಗೆ ಆ ನೆರವು ಬರುವುದಿಲ್ಲ, ಕಿರಣ ಮಾತ್ರ ಹಾಳೆ ದಾಟಿ ಹೋಗುತ್ತಲೇ ಇರುತ್ತದೆ. ಹಗಲು ಬಿಸಿ ಕೂಡಿಟ್ಟ ಅದೇ ಗಾಳಿತಡೆ ರಾತ್ರಿ ನಷ್ಟಕ್ಕೆ ದಾರಿಯಾಗುತ್ತದೆ. ಹಾಳೆಯ ಒಳಮೈಯಲ್ಲಿ ಇಬ್ಬನಿ ಕಟ್ಟಿದರೆ ನಷ್ಟ ಸ್ವಲ್ಪ ತಗ್ಗುತ್ತದೆ, ಏಕೆಂದರೆ ನೀರಿನ ತೆಳು ಪದರವೂ ದೀರ್ಘತರಂಗಕ್ಕೆ ಅಪಾರದರ್ಶಕ. ಶಾಖಕಿರಣ ಹೀರುವ ವಸ್ತು ಬೆರೆಸಿದ ಹಾಳೆಗಳು ಬಂದಿರುವುದು, ರಾತ್ರಿ ಬೆಳೆಯ ಮೇಲೆ ಪರದೆ ಎಳೆಯುವುದು ಇದೇ ಕಾರಣಕ್ಕೆ.

ಭೂಮಿಯ ವಾತಾವರಣವನ್ನು ಹಸಿರುಮನೆಗೆ ಹೋಲಿಸುವಾಗಲೂ ಈ ಜಮಾ-ಖರ್ಚು ನೆರವಾಗುತ್ತದೆ. ವಾತಾವರಣದಲ್ಲಿ ಬಿಸಿ ಗಾಳಿ ಮೇಲೇರುವುದನ್ನು ತಡೆಯುವ ಸೂರಿಲ್ಲ, ಅಲ್ಲಿರುವುದು ದೀರ್ಘತರಂಗದ ಬಾಬ್ತು ಮಾತ್ರ. ಗಾಜಿನಮನೆಯಲ್ಲಿ ಎರಡೂ ಇವೆ. ಆದ್ದರಿಂದ ಮುಚ್ಚಿಗೆಗೆ ಗಾಜೋ ಪಾಲಿಥೀನೋ ಎಂದು ತೀರ್ಮಾನಿಸುವ ಬೆಳೆಗಾರರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಲ್ಲ, ಎರಡು: ನನ್ನ ಬೆಳೆಗೆ ಕಷ್ಟ ಮಧ್ಯಾಹ್ನದ್ದೋ, ಬೆಳಗಿನ ಜಾವದ್ದೋ? ಮಧ್ಯಾಹ್ನದ್ದಾದರೆ ಹಾಳೆಯ ಗುಣಕ್ಕಿಂತ ಕಿಂಡಿಯ ಅಳತೆ ಮುಖ್ಯ. ಬೆಳಗಿನ ಜಾವದ್ದಾದರೆ ಹಾಳೆ ದೀರ್ಘತರಂಗವನ್ನು ಎಷ್ಟು ತಡೆಯುತ್ತದೆ ಎಂಬುದೇ ಮುಖ್ಯ.